ದೋಸ್ತನಿಗೆ ಲೆಕ್ಕ ಒಪ್ಪಿಸಿದ ಶನಿವಾರ: ನನ್ನ ಅನುಭವ

ದಾವಣಗೆರೆಯಲ್ಲಿ ಬಿಸ್ಕತ್ತು, ಸೋಪು ಸಪ್ಲೈ ಮಾಡುವ ಒಂದು ಏಜೆನ್ಸಿಯಲ್ಲಿ ನಾನು ಸೂಪರ್‌ವೈಸರ್. ಕೈಕೆಳಗೆ 6 ಜನ ಸೇಲ್ಸ್‌ಮ್ಯಾನ್‌ಗಳು. ಅದರಲ್ಲಿ ಒಬ್ಬ ನನ್ನ ದೋಸ್ತ. ಐದನೇ ಕ್ಲಾಸಿನಿಂದ ಜೊತೆಗಿದ್ದೇವೆ. ಅವನನ್ನು ಕೆಲಸಕ್ಕೆ ಸೇರಿಸಿದವನೂ ನಾನೇ. ಅವನ ಹೆಸರು ಇಲ್ಲಿ ಬೇಡ.

ಬೀಟ್ ಅಂದರೆ ಒಬ್ಬ ಸೇಲ್ಸ್‌ಮ್ಯಾನ್ ಸುತ್ತಬೇಕಾದ ಅಂಗಡಿಗಳು, ದಿನಕ್ಕೆ ಸುಮಾರು 38. ಉಳಿದವರು 22, 23 ಬಿಲ್ ಹಾಕುತ್ತಿದ್ದರು. ಇವನು 13 ದಾಟುತ್ತಿರಲಿಲ್ಲ. ಇದು ಏಳೆಂಟು ತಿಂಗಳು ನಡೆಯಿತು. ನಮ್ಮಲ್ಲಿ ಹಳಬರೊಬ್ಬರಿದ್ದಾರೆ, ಈ ಲೈನಿನಲ್ಲಿ 20 ವರ್ಷದ ಮೇಲಾಯಿತು. "ದೋಸ್ತಿನೂ ಲೆಕ್ಕನೂ ಒಂದೇ ಚೀಲದಾಗ ಹಾಕಬ್ಯಾಡ ತಮ್ಮಾ, ಯಾವುದಾದ್ರೂ ಒಂದು ಬಿಡು" ಅಂದಿದ್ದರು. ಎರಡೂ ಉಳಿದಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಡಿಸಿದ್ದನ್ನು ಹೇಳುತ್ತೇನೆ, ಅದೇ ಜಾಸ್ತಿ ಇದೆ.

ಮೊದಲ ಸಲ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಎರಡು ಗಂಟೆ ಮಾತಾಡಿದೆವು. ಕೊನೆಗೆ ಅವನೇ ನನ್ನ ಹೆಗಲ ಮೇಲೆ ಕೈ ಹಾಕಿ "ಬಿಡಲೇ, ಟೆನ್ಷನ್ ತಗೋಬ್ಯಾಡ" ಅಂತ ನನಗೇ ಸಮಾಧಾನ ಮಾಡಿದ. ಊಟದ ಬಿಲ್ 900 ಚಿಲ್ಲರೆ ನಾನೇ ಕೊಟ್ಟೆ. ಮಾರನೇ ದಿನ ಅವನದು 12 ಬಿಲ್.

ಎರಡನೇ ಸಲ ಬೆಳಗಿನ ಮೀಟಿಂಗಿನಲ್ಲಿ ಯಾರ ಹೆಸರೂ ಹೇಳದೆ "ನಾವು ಸ್ವಲ್ಪ ಬಿಲ್ ಜಾಸ್ತಿ ಮಾಡಬೇಕು" ಅಂದೆ. ಚೆನ್ನಾಗಿ ಮಾಡುತ್ತಿದ್ದ ಹುಡುಗ ಒಬ್ಬ ಮುಖ ಸಣ್ಣ ಮಾಡಿಕೊಂಡ. ಇವನು ಜೋರಾಗಿ ತಲೆಯಾಡಿಸಿದ, ಯಾರಿಗೋ ಹೇಳ್ತಿದ್ದಾರೆ ಅನ್ನುವ ಹಾಗೆ. ಆಮೇಲೆ ಗೊತ್ತಾಯಿತು, ಆ "ನಾವು" ಅನ್ನೋ ಮಾತೇ ನನ್ನ ಹೇಡಿತನ. ಅದರ ಹಿಂದೆ ಅವನೂ ಅಡಗಿಕೊಂಡ, ನಾನೂ ಅಡಗಿಕೊಂಡೆ.

ಮೂರನೇದು ಎಲ್ಲಕ್ಕಿಂತ ದೊಡ್ಡ ತಪ್ಪು. ನನ್ನ ಫೋನಿಗೆ ಬರುವ ಆರ್ಡರ್‌ಗಳನ್ನು ಅವನ ಹೆಸರಿಗೆ ಹಾಕತೊಡಗಿದೆ. ತಿಂಗಳಿಗೆ ಹೆಚ್ಚುಕಡಿಮೆ 40,000ದ ಮಾಲು. ಟಾರ್ಗೆಟ್ ಹತ್ತಿರ ಬರಲಿ, ಇನ್ಸೆಂಟಿವ್ ಕೈ ತಪ್ಪದಿರಲಿ ಅಂತ. ಹಾಗಾಗಿ ಅವನಿಗೆ ತಾನು ಹಿಂದಿದ್ದೇನೆ ಅನ್ನೋದೇ ಗೊತ್ತಾಗಲಿಲ್ಲ. ಸಾವ್ಕಾರ್ರಿಗೆ ಗೊತ್ತಾಯಿತು. ಆ ತಿಂಗಳು ನನ್ನ ಇನ್ಸೆಂಟಿವ್‌ನಲ್ಲಿ 3,500 ಹೋಯಿತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಎರಡು ವಾರ ಅವನ ಬೀಟನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟು, ಆ ಹುಡುಗನ ಬೀಟನ್ನು ಇವನಿಗೆ ಕೊಟ್ಟೆ. ಕಾರಣ ಕೇಳಿದವರಿಗೆ ಏನು ಹೇಳಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಇವನು ಹೊಸ ಬೀಟಿನಲ್ಲಿ 20 ಬಿಲ್ ಹಾಕಿದ! ಆ ಹುಡುಗ ಇವನ ಬೀಟಿನಲ್ಲಿ 15ಕ್ಕೆ ನಿಂತ. ಅಂದರೆ ಇವನಿಗೆ ಮಾರುವುದು ಬರುತ್ತದೆ, ಗಂಟು ಆ ಬೀಟಿನಲ್ಲೇ ಎಲ್ಲೋ ಇದೆ. ನಿಮ್ಮಲ್ಲೂ ಸಾಧ್ಯವಿದ್ದರೆ ಬಾಯಿ ಬಿಡುವ ಮೊದಲು ಇದನ್ನು ಮಾಡಿ ನೋಡಿ. ಆಲಸಿ ಅಂತ ಒಮ್ಮೆ ಅಂದುಬಿಟ್ಟರೆ ವಾಪಸ್ ತಗೊಳ್ಳಕ್ಕಾಗಲ್ಲ.

ಆಮೇಲೆ ಆ್ಯಪ್‌ನಿಂದ ಅವನ ಆರು ವಾರದ ಬಿಲ್ ತೆಗೆದೆ. ಎರಡು ವಿಷಯ ಕಣ್ಣಿಗೆ ಬಿತ್ತು. ಅರ್ಧಕ್ಕರ್ಧ ಬಿಲ್ ಸಂಜೆ 5:30ರಿಂದ 6:30ರ ಒಳಗೆ. ಅಂಗಡಿಯಲ್ಲಿ ನಿಂತು ಹಾಕಿದ ಬಿಲ್‌ಗಳ ನಡುವೆ ಐದು, ಹತ್ತು ನಿಮಿಷ ಇರುತ್ತದೆ. ಇವು ಒಂದೊಂದು ನಿಮಿಷಕ್ಕೆ ಒಂದು, ಅಂದರೆ ಎಲ್ಲೋ ಕೂತು ಫೋನ್ ಮಾಡಿ ಹಾಕಿದ್ದು. ಇನ್ನೊಂದು, 11 ಅಂಗಡಿಗೆ ಆರು ವಾರದಲ್ಲಿ ಒಂದೂ ಬಿಲ್ ಇಲ್ಲ. ಅಷ್ಟೂ ಅಕ್ಕಪಕ್ಕದ ಎರಡು ಗಲ್ಲಿಯವು.

ಆ 11 ಅಂಗಡಿಯ ಹೆಸರನ್ನು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದುಕೊಂಡೆ. ಶನಿವಾರ ಮಧ್ಯಾಹ್ನ ಅವನನ್ನು ಗೋಡೌನಿನ ಹಿಂದೆ ಕರೆದೆ. ಆಫೀಸಿನೊಳಗೆ ಬೇಡ ಅನ್ನಿಸಿತು, ಸಾವ್ಕಾರ್ರ ಕುರ್ಚಿ ಅಲ್ಲೇ ಇರುತ್ತದೆ. ಮೊದಲು ನನ್ನ ತಪ್ಪು ಹೇಳಿದೆ: "ನಿನ್ನ ಹೆಸರಿಗೆ ನಾನು ಆರ್ಡರ್ ಹಾಕ್ತಿದ್ದೆ. ಈ ತಿಂಗಳಿಂದ ಹಾಕಲ್ಲ." ಅವನ ಮುಖ ಕೆಂಪಾಯಿತು. ಆಮೇಲೆ ಹಾಳೆ ಕೊಟ್ಟೆ. "ಈ 11 ಅಂಗಡಿಗೆ ನೀನು ಆರು ವಾರದಿಂದ ಹೋಗಿಲ್ಲ. ದಿನಕ್ಕೆ 13 ಬಿಲ್ ಆಗ್ತಿದೆ, 20 ಬೇಕು. ಎರಡು ತಿಂಗಳಲ್ಲಿ ಆಗದಿದ್ರೆ ನಿನ್ನ ಬೀಟ್ ಬೇರೆಯವ್ರಿಗೆ ಹೋಗುತ್ತೆ, ನಾನು ಅಡ್ಡ ಬರಲ್ಲ."

ಹೇಳಿ ಸುಮ್ಮನಾದೆ. ನಿಜವಾಗಿ ಕಷ್ಟವಾಗಿದ್ದು ಅದು. ಹಿಂದಿನ ಸಲವೆಲ್ಲ ಇಂಥ ಹೊತ್ತಲ್ಲಿ ನಾನೇ ನಗಿಸಿ ಹಗುರ ಮಾಡಿಬಿಡುತ್ತಿದ್ದೆ. ಈ ಸಲ ಲೋಡ್ ಇಳಿಸುತ್ತಿದ್ದ ಹಮಾಲರನ್ನು ನೋಡುತ್ತಾ ನಿಂತೆ. ಎರಡು ನಿಮಿಷ ಇದ್ದಿರಬೇಕು, ಅರ್ಧ ಗಂಟೆ ಅನ್ನಿಸಿತು. "ಸೂಪರ್‌ವೈಸರ್ ಆಗಿಬಿಟ್ಟೆ ಅಲ್ವಾ?" ಅಂದ. ಹೂಂ ಅಂದೆ. ಹಾಳೆ ಜೇಬಿಗಿಟ್ಟುಕೊಂಡು ಗಾಡಿ ಹತ್ತಿ ಹೋದ.

ಸೋಮವಾರ ಆ ಗಲ್ಲಿಗೆ ಇಬ್ಬರೂ ನಡೆದೇ ಹೋದೆವು. ಮೊದಲ ಅಂಗಡಿಯ ಅಜ್ಜಿ ನನ್ನನ್ನು ನೋಡಲೇ ಇಲ್ಲ, ಇವನಿಗೇ ಹಿಡಿದುಕೊಂಡಳು: "ಬಂದ್ಯೇನಪ್ಪಾ, ನನ್ನ ಡೇಟ್ ಬಾರ್ ಆದ ಬಿಸ್ಕತ್ತಿನ ರೊಕ್ಕ ಎಲ್ಲಿ?" ಮುಂದಿನ ನಾಲ್ಕು ಅಂಗಡಿಯಲ್ಲೂ ಅದೇ.

ಟೀ ಅಂಗಡಿಯಲ್ಲಿ ಬಾಯಿಬಿಟ್ಟ. ಎಕ್ಸ್‌ಪೈರಿ ಮಾಲು ವಾಪಸ್ ತಂದಾಗ ಅಂಗಡಿವಾರು ಚೀಟಿ ಬರೆಯಬೇಕು, ಬ್ಯಾಚ್ ನಂಬರ್ ಸಮೇತ. ಚೀಟಿ ಇಲ್ಲದೆ ಗೋಡೌನಿನವನು ಒಳಗೆ ಬಿಡಲ್ಲ. ಇವನು ನಾಳೆ ಬರೆಯೋಣ ಅಂತ ಮಾಲನ್ನು ಮನೆಗೆ ಒಯ್ದ. ಆ ಮಾಲಿನ ದುಡ್ಡಿಗೆ ಕಂಪನಿಗೆ ಕ್ಲೇಮ್ ಕೊಡುವ ದಿನ ದಾಟಿತು. ಹೇಳಲು ಹೆದರಿದ. ಅಂಗಡಿಯವರು ಕೇಳತೊಡಗಿದಾಗ ಆ ಗಲ್ಲಿಯನ್ನೇ ಬಿಟ್ಟ. ಅವತ್ತು ಸಂಜೆ ಮನೆಗೆ ಹೋಗಿ ನೋಡಿದರೆ ಮಂಚದ ಕೆಳಗೆ 14 ಬಾಕ್ಸ್, ಇರುವೆ ಸಾಲು ಗೋಡೆಯವರೆಗೆ. ಎಷ್ಟು ಸಲ ಅದೇ ಮಂಚದ ಮೇಲೆ ಕೂತು ಚಹಾ ಕುಡಿದಿದ್ದೇನೋ.

ಇಷ್ಟು ಗೊತ್ತಾದ ಮೇಲೆ ಅಯ್ಯೋ ಪಾಪ ಅಂತ ಕರಗಿಬಿಡುವ ಅಪಾಯ ಇತ್ತು, ಕರಗಲೂ ಹೊರಟಿದ್ದೆ. ಆದರೆ 20 ಬಿಲ್ ಅನ್ನೋದನ್ನು ಇಳಿಸಲಿಲ್ಲ. ಎಲ್ಲ ಸೇರಿ ಸುಮಾರು 31,000ದ ಮಾಲು. ಕೂತು ಚೀಟಿ ಬರೆದೆವು, 9,000ಕ್ಕೆ ಕ್ಲೇಮ್ ಸಿಕ್ಕಿತು. ಉಳಿದದ್ದರಲ್ಲಿ ಅರ್ಧ ಸಾವ್ಕಾರ್ರು, ಅರ್ಧ ಇವನು ಅಂತಾಯಿತು. ಸಾವ್ಕಾರ್ರನ್ನು ಹೇಗೆ ಒಪ್ಪಿಸಿದೆ ಅಂತ ಮಾತ್ರ ಕೇಳಬೇಡಿ, ಆ ದಾರಿ ಮತ್ತೊಮ್ಮೆ ಬೇಕಾಗಬಹುದು. ಇವನಿಗೆ ನಾನು ಕೈಸಾಲ ಕೊಡಲಿಲ್ಲ. ಅವನೂ ಕೇಳಲಿಲ್ಲ.

ಆಮೇಲೆ ಪ್ರತಿ ಶನಿವಾರ ಹತ್ತು ನಿಮಿಷ, ಅದೇ ಜಾಗ, ಅದೇ ಹಾಳೆ. ಹತ್ತು ನಿಮಿಷ ಮುಗಿದ ಮೇಲೆ ಆ ಮಾತು ತೆಗೆಯುವುದಿಲ್ಲ, ಮಿರ್ಚಿ ಮಂಡಕ್ಕಿ ತಿನ್ನುವಾಗಂತೂ ಇಲ್ಲವೇ ಇಲ್ಲ. ಮೊದಲ ಒಂದೂವರೆ ತಿಂಗಳು ಮಿರ್ಚಿಗೂ ಬರಲಿಲ್ಲ ಅನ್ನಿ. ಗಣಪತಿ ಹಬ್ಬಕ್ಕೆ ನಮ್ಮನೆಗೆ ಬಾರದ ವರ್ಷ ಅದೊಂದೇ. ನನ್ನ ಹೆಂಡತಿ ಎರಡು ಸಲ ಕೇಳಿದಳು, ಏನೋ ಒಂದು ಹೇಳಿದೆ. ದೀಪಾವಳಿಗೆ ಬಂದ, ಬಂದವನು ನನ್ನ ಹತ್ತಿರ ಮಾತಾಡದೆ ಮಗನ ಜೊತೆ ಪಟಾಕಿ ಹೊಡೆದು ಹೋದ.

ಈಗ ಅವನದು 19, 20 ಬಿಲ್. ಒಳ್ಳೆಯ ದಿನ 22. ಸಂಜೆ ಹೊತ್ತಿನ ಫೋನ್ ಬಿಲ್ ಪೂರ್ತಿ ನಿಂತಿಲ್ಲ, ವಾರಕ್ಕೆ ಏಳೆಂಟು ಕಾಣುತ್ತವೆ. 11 ಅಂಗಡಿಯಲ್ಲಿ 9 ವಾಪಸ್ ಬಂದಿವೆ, ಎರಡು ಬೇರೆ ಕಂಪನಿಗೆ ಹೋದವು. ಆ ಹಳಬರು "ನೋಡೋಣ ತಡಿ, ಇನ್ನೊಂದು ವರ್ಷ ಆಗ್ಲಿ" ಅನ್ನುತ್ತಲೇ ಇದ್ದಾರೆ.

ಶನಿವಾರಕ್ಕೆ 500ರ ಹಾಗೆ ಅವನ ಪಾಲಿನ 11,000 ತೀರುತ್ತಿದೆ, ಇನ್ನೂ ಸುಮಾರು 4,000 ಬಾಕಿ. ಹೋದ ವಾರ ಕೊಡಲಿಲ್ಲ. ಈ ಶನಿವಾರ ಕೇಳಬೇಕು.