ಎಜಿಎಂ ನೋಟಿಸ್ ಬಂದಿದೆಯೇ? ಸಣ್ಣ ಷೇರುದಾರರು ಮತ ಹಾಕುವುದು ಹೀಗೆ

ಜುಲೈನಿಂದ ಸೆಪ್ಟೆಂಬರ್‌ವರೆಗೆ ಷೇರುದಾರರ ಇಮೇಲ್‌ಗೆ ಒಂದರ ಹಿಂದೊಂದು ವಾರ್ಷಿಕ ಸಾಮಾನ್ಯ ಸಭೆಯ ನೋಟಿಸ್‌ಗಳು ಬರುತ್ತವೆ. ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ ಸಭೆ ನಡೆಸಬೇಕೆಂದು ಕಂಪನಿ ಕಾಯ್ದೆ ಹೇಳುವುದರಿಂದ ಹೆಚ್ಚಿನ ಕಂಪನಿಗಳ ಸಭೆಗಳು ಈ ಅವಧಿಯಲ್ಲೇ ಒತ್ತಾಗಿ ಬೀಳುತ್ತವೆ. ಐವತ್ತೋ ನೂರೋ ಷೇರು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇವನ್ನು ತೆರೆಯುವುದೇ ಇಲ್ಲ. ಅರ್ಧಕ್ಕಿಂತ ಹೆಚ್ಚು ಷೇರು ಪ್ರವರ್ತಕರ ಕೈಯಲ್ಲೇ ಇರುವಾಗ ತಮ್ಮ ಮತದಿಂದ ಏನಾದೀತು ಎಂಬುದು ಅವರ ಲೆಕ್ಕ. ಕೆಲವು ನಿರ್ಣಯಗಳ ಮಟ್ಟಿಗೆ ಆ ಲೆಕ್ಕ ಸರಿ. ಆದರೆ ಅದೇ ನೋಟಿಸ್‌ನಲ್ಲಿ, ಅದೇ ಪ್ರವರ್ತಕರು ಪರವಾಗಿ ಒಂದೇ ಒಂದು ಮತ ಹಾಕುವಂತಿಲ್ಲದ ನಿರ್ಣಯವೂ ಇರಬಹುದು. ಹಾಗಾಗಿ ಯಾವ ನಿರ್ಣಯ ಯಾವ ಬಗೆಯದು ಎಂದು ಗುರುತಿಸುವುದೇ ಮೊದಲ ಕೆಲಸ. ಮತ ಒತ್ತುವುದು ಆಮೇಲಿನ ಮಾತು.

ಮೊದಲು ನಿರ್ಣಯದ ಬಗೆ ನೋಡಿ

ನೋಟಿಸ್ ಸಭೆಗೆ ಕನಿಷ್ಠ 21 ದಿನ ಮೊದಲು ನಿಮ್ಮನ್ನು ತಲುಪಬೇಕು. ಅದರಲ್ಲಿ ಮೊದಲಿಗೆ ಪ್ರತಿ ವರ್ಷವೂ ಬರುವ ವಿಷಯಗಳಿರುತ್ತವೆ: ಲೆಕ್ಕಪತ್ರಗಳ ಅಂಗೀಕಾರ, ಲಾಭಾಂಶ ಘೋಷಣೆ, ಸರದಿಯಂತೆ ನಿವೃತ್ತರಾಗುವ ನಿರ್ದೇಶಕರ ಮರುನೇಮಕ, ಅವಧಿ ಮುಗಿದಿದ್ದರೆ ಲೆಕ್ಕ ಪರಿಶೋಧಕರ ನೇಮಕ. ಲಾಭಾಂಶದ ವಿಷಯದಲ್ಲಿ ಒಂದು ಮಾತು. ಆಡಳಿತ ಮಂಡಳಿ ಶಿಫಾರಸು ಮಾಡಿದ್ದಕ್ಕಿಂತ ಹೆಚ್ಚು ಲಾಭಾಂಶವನ್ನು ಷೇರುದಾರರು ಮತ ಹಾಕಿ ಪಡೆಯಲಾಗದು. ಮಂಡಳಿ ಹೇಳಿದ್ದನ್ನು ಒಪ್ಪಬಹುದು ಅಥವಾ ತಿರಸ್ಕರಿಸಬಹುದು, ಅಷ್ಟೇ.

ಇವುಗಳ ನಂತರ ಬರುವುದು ವಿಶೇಷ ವಿಷಯಗಳು. ಇವುಗಳಲ್ಲಿ ಪ್ರತಿಯೊಂದಕ್ಕೂ ನೋಟಿಸ್‌ನ ಕೊನೆಯಲ್ಲಿ ವಿವರಣಾ ಹೇಳಿಕೆ ಇರಲೇಬೇಕು. ಸಮಯ ಕಡಿಮೆಯಿದ್ದರೆ ವಾರ್ಷಿಕ ವರದಿಯ ಬಣ್ಣದ ಪುಟಗಳನ್ನು ಬಿಟ್ಟು ಈ ಹೇಳಿಕೆಯನ್ನಷ್ಟೇ ಓದಿ. ಯಾರಿಗೆ ಎಷ್ಟು ಸಂಬಳ, ಯಾರಿಗೆ ಹೊಸ ಷೇರು, ಯಾವ ಸೋದರ ಕಂಪನಿಯೊಡನೆ ಎಷ್ಟು ಕೋಟಿಯ ವ್ಯವಹಾರ ಎಂಬುದೆಲ್ಲ ಅಲ್ಲಿರುತ್ತದೆ.

ಪ್ರತಿ ನಿರ್ಣಯದ ತಲೆಬರಹದ ಕೆಳಗೆ ಅದು ಸಾಮಾನ್ಯ ನಿರ್ಣಯವೋ ವಿಶೇಷ ನಿರ್ಣಯವೋ ಎಂದು ಬರೆದಿರುತ್ತದೆ. ಸಾಮಾನ್ಯ ನಿರ್ಣಯಕ್ಕೆ ವಿರೋಧಕ್ಕಿಂತ ಪರ ಮತ ಹೆಚ್ಚಿದ್ದರೆ ಸಾಕು. ವಿಶೇಷ ನಿರ್ಣಯಕ್ಕೆ ವಿರೋಧ ಮತಗಳ ಕನಿಷ್ಠ ಮೂರು ಪಟ್ಟು ಪರ ಮತ ಬೇಕು. ಎರಡರಲ್ಲೂ ಎಣಿಕೆಗೆ ಬರುವುದು ಚಲಾವಣೆಯಾದ ಮತಗಳು ಮಾತ್ರ. ಮತ ಹಾಕದ ಷೇರು ಯಾವ ಕಡೆಗೂ ಸೇರುವುದಿಲ್ಲ. ಸುಮ್ಮನಿದ್ದರೆ ಅದು ವಿರೋಧವಾದೀತು ಎಂದು ಭಾವಿಸಬೇಡಿ.

ಒಂದು ಲೆಕ್ಕ ಹಾಕಿ ನೋಡೋಣ

ಒಂದು ಕಂಪನಿಯಲ್ಲಿ ಒಟ್ಟು ಒಂದು ಕೋಟಿ ಷೇರುಗಳಿವೆ ಎಂದುಕೊಳ್ಳಿ. ಪ್ರವರ್ತಕರ ಬಳಿ 55 ಲಕ್ಷ, ಉಳಿದವರ ಬಳಿ 45 ಲಕ್ಷ. ಒಂದು ಷೇರಿಗೆ ಒಂದು ಮತ. ಪ್ರವರ್ತಕರು ತಮ್ಮ ಮತಗಳನ್ನೆಲ್ಲ ಚಲಾಯಿಸುತ್ತಾರೆ.

ಸಾಮಾನ್ಯ ನಿರ್ಣಯವಾದರೆ ಉಳಿದ 45 ಲಕ್ಷವೂ ವಿರುದ್ಧ ಬಿದ್ದರೂ ಅದು ಗೆಲ್ಲುತ್ತದೆ. ಸರದಿಯಂತೆ ನಿವೃತ್ತರಾದ ನಿರ್ದೇಶಕರ ಮರುನೇಮಕವನ್ನು ಇಂಥ ಕಂಪನಿಯಲ್ಲಿ ಸಣ್ಣ ಹೂಡಿಕೆದಾರರು ತಡೆಯಲಾರರು. ಎಷ್ಟು ಜನ ಒಪ್ಪಲಿಲ್ಲ ಎಂಬುದು ದಾಖಲೆಯಾಗುತ್ತದೆ, ಅಷ್ಟೇ.

ವಿಶೇಷ ನಿರ್ಣಯವಾದರೆ ಚಿತ್ರ ಬದಲಾಗುತ್ತದೆ. ಷೇರುಗಳನ್ನು ಆಯ್ದ ಕೆಲವರಿಗಷ್ಟೇ ಹಂಚುವುದು, ನೌಕರರಿಗೆ ಷೇರು ಕೊಡುವ ಯೋಜನೆ, ಕಂಪನಿಯ ನಿಯಮಾವಳಿ ತಿದ್ದುಪಡಿ ಮುಂತಾದವೆಲ್ಲ ಈ ಗುಂಪಿಗೆ ಸೇರುತ್ತವೆ. ಇಲ್ಲಿ 20 ಲಕ್ಷ ಮತ ವಿರುದ್ಧ ಬಿದ್ದರೆ ಗೆಲ್ಲಲು 60 ಲಕ್ಷ ಪರ ಮತ ಬೇಕು. ಪ್ರವರ್ತಕರ ಬಳಿ ಇರುವುದು 55 ಲಕ್ಷ. ಹೊರಗಿನಿಂದ ಇನ್ನೂ ಐದು ಲಕ್ಷ ಸಿಗದಿದ್ದರೆ ನಿರ್ಣಯ ಬಿದ್ದುಹೋಗುತ್ತದೆ. ಐದು ಲಕ್ಷ ಸಿಕ್ಕರೆ ಸರಿಯಾಗಿ ಮೂರು ಪಟ್ಟಾಗಿ ಗೆದ್ದುಬಿಡುತ್ತದೆ. ಯೋಚಿಸದೆ ಎಲ್ಲದಕ್ಕೂ ಪರ ಎಂದು ಒತ್ತುವ ಮತಗಳು ಇಂಥ ಕಡೆ ನಿರ್ಣಾಯಕವಾಗುತ್ತವೆ.

ಮೂರನೆಯ ಬಗೆಯೇ ಸಣ್ಣ ಷೇರುದಾರರು ಎಚ್ಚರದಿಂದ ಓದಬೇಕಾದದ್ದು: ಸಂಬಂಧಿತ ಪಕ್ಷಗಳ ಜೊತೆಗಿನ ದೊಡ್ಡ ಮೊತ್ತದ ವಹಿವಾಟು. ಪ್ರವರ್ತಕರ ಇನ್ನೊಂದು ಕಂಪನಿಯಿಂದ ಕಚ್ಚಾವಸ್ತು ಕೊಳ್ಳುವುದು, ಮಾತೃಸಂಸ್ಥೆಗೆ ರಾಯಧನ ಕೊಡುವುದು ಇಂಥವು. ಇದು ಹೆಸರಿಗೆ ಸಾಮಾನ್ಯ ನಿರ್ಣಯವೇ. ಆದರೆ ಸೆಬಿ ನಿಯಮದ ಪ್ರಕಾರ ಕಂಪನಿಯ ಯಾವ ಸಂಬಂಧಿತ ಪಕ್ಷವೂ ಇದರ ಪರವಾಗಿ ಮತ ಹಾಕುವಂತಿಲ್ಲ. ನಮ್ಮ ಉದಾಹರಣೆಯಲ್ಲಿ 55 ಲಕ್ಷ ಮತಗಳು ಪರ ಪಟ್ಟಿಯಿಂದ ಹೊರಗುಳಿಯುತ್ತವೆ. ಉಳಿದವರಲ್ಲಿ 12 ಲಕ್ಷ ಮತಗಳಷ್ಟೇ ಚಲಾವಣೆಯಾದರೆ, ಆರು ಲಕ್ಷಕ್ಕಿಂತ ಒಂದು ಹೆಚ್ಚಿದ್ದ ಕಡೆ ಗೆಲುವು.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. 2024ರಲ್ಲಿ ನೆಸ್ಲೆ ಇಂಡಿಯಾ ತನ್ನ ಸ್ವಿಸ್ ಮಾತೃಸಂಸ್ಥೆಗೆ ಕೊಡುವ ರಾಯಧನವನ್ನು ಮಾರಾಟದ ಶೇ 4.5ರಿಂದ ವರ್ಷಕ್ಕೆ ಶೇ 0.15ರಂತೆ ಏರಿಸುತ್ತ ಐದು ವರ್ಷಗಳಲ್ಲಿ ಶೇ 5.25ಕ್ಕೆ ಒಯ್ಯುವ ಪ್ರಸ್ತಾವವನ್ನು ಷೇರುದಾರರ ಮುಂದಿಟ್ಟಿತು. ಮಾತೃಸಂಸ್ಥೆಯ ಬಳಿ ಶೇ 60ಕ್ಕೂ ಹೆಚ್ಚು ಷೇರುಗಳಿದ್ದವು. ಆದರೂ ಚಲಾವಣೆಯಾದ ಮತಗಳಲ್ಲಿ ಶೇ 57ರಷ್ಟು ವಿರುದ್ಧ ಬಿದ್ದು ಪ್ರಸ್ತಾವ ಸೋತಿತು. ಆ ಮತದಾನ ನಡೆದದ್ದು ಸಭೆಯಲ್ಲಲ್ಲ, ಅಂಚೆ ಮತಪತ್ರ ಎಂದು ಕರೆಯುವ ವಿಧಾನದಲ್ಲಿ. ಮತ ಎಣಿಸುವ ನಿಯಮ ಮಾತ್ರ ಎರಡರಲ್ಲೂ ಒಂದೇ.

ಸ್ವತಂತ್ರ ನಿರ್ದೇಶಕರ ನೇಮಕದಲ್ಲೂ ಸಣ್ಣವರ ಮತಕ್ಕೆ ಬೆಲೆಯಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿ 2022ರಿಂದ ಇದಕ್ಕೆ ವಿಶೇಷ ನಿರ್ಣಯ ಬೇಕು. ಮೂರು ಪಟ್ಟು ಮತ ಸಿಗದಿದ್ದರೆ ಮೊದಲ ನೇಮಕಕ್ಕೆ ಇನ್ನೊಂದು ದಾರಿಯಿದೆ: ಒಟ್ಟು ಮತಗಳಲ್ಲೂ, ಪ್ರವರ್ತಕರನ್ನು ಬಿಟ್ಟು ಸಾರ್ವಜನಿಕ ಷೇರುದಾರರ ಮತಗಳಲ್ಲೂ ಪರವೇ ಹೆಚ್ಚಿರಬೇಕು. ಎರಡು ದಾರಿಗಳಲ್ಲೂ ಹೊರಗಿನವರ ಒಪ್ಪಿಗೆಯನ್ನು ಪೂರ್ತಿ ಕಡೆಗಣಿಸುವುದು ಕಷ್ಟ.

ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ

ನೋಟಿಸ್‌ನಲ್ಲಿ ಮೂರು ದಿನಾಂಕ ಹುಡುಕಿ. ಮೊದಲನೆಯದು ಕಟ್-ಆಫ್ ದಿನ. ಇದು ಸಭೆಗೆ ಹೆಚ್ಚೆಂದರೆ ಏಳು ದಿನ ಮೊದಲಿನದು. ಆ ದಿನ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಎಷ್ಟು ಷೇರುಗಳಿವೆಯೋ ಅಷ್ಟೇ ನಿಮ್ಮ ಮತಗಳು. ನೋಟಿಸ್ ಹೊರಟ ಮೇಲೆ ಷೇರು ಕೊಂಡಿದ್ದರೂ ಕಟ್-ಆಫ್ ದಿನಕ್ಕೆ ಅದು ಖಾತೆಗೆ ಬಂದಿದ್ದರೆ ಮತ ನಿಮ್ಮದು. ಲಾಭಾಂಶಕ್ಕೆ ನಿಗದಿಯಾದ ದಾಖಲೆ ದಿನ ಬೇರೆಯೇ ಇರುತ್ತದೆ, ಎರಡನ್ನೂ ಬೆರೆಸಿಕೊಳ್ಳಬೇಡಿ.

ಎರಡನೆಯದು ಇ-ಮತದಾನದ ಅವಧಿ. ಅದು ಕನಿಷ್ಠ ಮೂರು ದಿನ ತೆರೆದಿರಬೇಕು, ಸಭೆಯ ಹಿಂದಿನ ದಿನ ಸಂಜೆ ಐದಕ್ಕೆ ಮುಚ್ಚುತ್ತದೆ. ಮೂರನೆಯದು ಸಭೆಯ ದಿನ. ಮೊದಲೇ ಮತ ಹಾಕದವರು ಸಭೆಯ ವೇಳೆಯಲ್ಲಿ ಹಾಕಬಹುದು. ಮೊದಲೇ ಹಾಕಿದವರು ಸಭೆಗೆ ಬಂದು ಕೇಳಬಹುದು, ಮತ್ತೆ ಮತ ಹಾಕುವಂತಿಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಬೇಕೆಂದಿದ್ದರೆ ಹೆಸರು ನೋಂದಾಯಿಸಲು ಬೇರೆ ಗಡುವು ಇರುತ್ತದೆ, ಅದೂ ನೋಟಿಸ್‌ನಲ್ಲೇ ಇದೆ.

ಮತ ಒತ್ತುವ ಕ್ರಮ

ಡಿಮ್ಯಾಟ್ ಖಾತೆಯವರಿಗೆ ಸುಲಭದ ದಾರಿ ಡಿಪಾಸಿಟರಿಯ ಜಾಲತಾಣದ ಮೂಲಕ ಹೋಗುವುದು. ನಿಮ್ಮ ಖಾತೆಯ ಸಂಖ್ಯೆ IN ಎಂದು ಆರಂಭವಾದರೆ ಅದು ಎನ್‌ಎಸ್‌ಡಿಎಲ್‌ನದು, 16 ಅಂಕಿಗಳಷ್ಟೇ ಇದ್ದರೆ ಸಿಡಿಎಸ್‌ಎಲ್‌ನದು. ಅಲ್ಲಿ ನೋಂದಣಿ ಮಾಡಿಕೊಂಡಿದ್ದರೆ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಸಾಕು. ಇಲ್ಲದಿದ್ದರೆ ಖಾತೆ ಸಂಖ್ಯೆ ಕೊಟ್ಟು, ಮೊಬೈಲ್‌ಗೆ ಬರುವ ಒಟಿಪಿ ಬಳಸಿ ಒಳಗೆ ಹೋಗಬಹುದು. ಇ-ವೋಟಿಂಗ್ ಭಾಗದಲ್ಲಿ ಕಂಪನಿಯ ಹೆಸರು ಕಾಣುತ್ತದೆ. ಅದನ್ನು ಒತ್ತಿದಾಗ ಕೆಲವೊಮ್ಮೆ ಬೇರೊಂದು ಸಂಸ್ಥೆಯ ಪುಟಕ್ಕೆ ಕರೆದೊಯ್ಯುತ್ತದೆ. ಹೆದರಬೇಕಾಗಿಲ್ಲ. ಮತದಾನ ನಡೆಸಿಕೊಡಲು ಕಂಪನಿ ಆಯ್ದುಕೊಂಡ ಸಂಸ್ಥೆಯ ಪುಟ ಅದು, ಅದರ ಹೆಸರು ನೋಟಿಸ್‌ನಲ್ಲಿ ಇರುತ್ತದೆ. ಕಾಗದದ ಷೇರುಪತ್ರ ಇರುವವರು ಫೋಲಿಯೊ ಸಂಖ್ಯೆ ತಿಳಿಸಿ, ಲಾಗಿನ್ ವಿವರ ಕೇಳಿ ನೋಟಿಸ್‌ನಲ್ಲಿರುವ ವಿಳಾಸಕ್ಕೆ ಬರೆಯಬೇಕು. ಇದಕ್ಕೆ ಸಮಯ ಹಿಡಿಯುವುದರಿಂದ ನೋಟಿಸ್ ಬಂದ ವಾರದಲ್ಲೇ ಬರೆಯಿರಿ.

ಪುಟದಲ್ಲಿ ನಿಮ್ಮ ಷೇರುಗಳ ಸಂಖ್ಯೆ ಮತ್ತು ನಿರ್ಣಯಗಳ ಪಟ್ಟಿ ಕಾಣುತ್ತದೆ. ಪ್ರತಿಯೊಂದರ ಎದುರು For ಅಥವಾ Against ಆಯ್ಕೆ ಮಾಡಬೇಕು. ಎಲ್ಲಕ್ಕೂ ಮತ ಹಾಕಲೇಬೇಕೆಂದಿಲ್ಲ. ಅಧ್ಯಯನ ಮಾಡಿದ ಒಂದೆರಡಕ್ಕಷ್ಟೇ ಮತ ಹಾಕಿ ಉಳಿದದ್ದನ್ನು ಬಿಡುವುದೂ ಸರಿಯೇ, ಅರ್ಥವಾಗದ ವಿಷಯಕ್ಕೆ ಪರ ಎಂದು ಒತ್ತುವುದಕ್ಕಿಂತ ಅದು ಉತ್ತಮ ಎಂದೇ ನನ್ನ ಅಭಿಪ್ರಾಯ.

ಹೆಚ್ಚಿನವರು ಎಡವುವುದು ಕೊನೆಯ ಹಂತದಲ್ಲಿ. Submit ಒತ್ತಿದ ಮೇಲೆ ಖಚಿತಪಡಿಸಲು ಇನ್ನೊಂದು ಪ್ರಶ್ನೆ ಬರುತ್ತದೆ. ಅಲ್ಲಿ Confirm ಒತ್ತದೆ ಪುಟ ಮುಚ್ಚಿದರೆ ಮತ ದಾಖಲಾಗುವುದಿಲ್ಲ. ಮತ ಚಲಾವಣೆಯಾಯಿತು ಎಂಬ ಸಂದೇಶ ಪರದೆಯ ಮೇಲೆ ಬರುವವರೆಗೂ ಕಾಯಿರಿ. ಅಲ್ಲಿಂದ ಮುಂದೆ ಮತ ಬದಲಿಸಲು ಅವಕಾಶವಿಲ್ಲ, ಹಾಗಾಗಿ Confirm ಒತ್ತುವ ಮೊದಲು ನಿರ್ಣಯದ ಸಂಖ್ಯೆಯನ್ನು ನೋಟಿಸ್‌ನೊಂದಿಗೆ ಮತ್ತೊಮ್ಮೆ ಹೋಲಿಸಿ. ಕಂಪನಿಯ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ಮತದಾನ ಇನ್ನೂ ಆರಂಭವಾಗಿಲ್ಲ, ಇಲ್ಲವೇ ಮುಗಿದಿದೆ, ಇಲ್ಲವೇ ಕಟ್-ಆಫ್ ದಿನ ನಿಮ್ಮ ಖಾತೆಯಲ್ಲಿ ಆ ಷೇರು ಇರಲಿಲ್ಲ. ಒಟಿಪಿ ಬಾರದಿದ್ದರೆ ಡಿಮ್ಯಾಟ್ ಖಾತೆಯಲ್ಲಿ ಹಳೆಯ ಮೊಬೈಲ್ ಸಂಖ್ಯೆ ಉಳಿದಿರಬಹುದು. ನೋಟಿಸ್‌ಗಳೇ ಬರುತ್ತಿಲ್ಲವಾದರೆ ಅಲ್ಲಿನ ಇಮೇಲ್ ವಿಳಾಸ ಪರಿಶೀಲಿಸಿ.

ಮ್ಯೂಚುವಲ್ ಫಂಡ್ ಮೂಲಕ ಹೂಡಿದವರಿಗೆ ಈ ಮತ ಇಲ್ಲ. ಷೇರು ಫಂಡ್‌ನ ಹೆಸರಲ್ಲಿರುವುದರಿಂದ ಮತವೂ ಅದರದೇ. ಯಾವ ನಿರ್ಣಯಕ್ಕೆ ಹೇಗೆ ಮತ ಹಾಕಿದೆ, ಏಕೆ ಎಂಬುದನ್ನು ಫಂಡ್ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನೇರವಾಗಿ ಷೇರು ಇಟ್ಟುಕೊಂಡವರೂ ಇದನ್ನು ಓದಬಹುದು. ದೊಡ್ಡ ಫಂಡ್‌ಗಳು ಯಾವ ಕಾರಣಕ್ಕೆ ವಿರೋಧಿಸಿದವು ಎಂದು ತಿಳಿದರೆ ಮುಂದಿನ ವರ್ಷ ವಿವರಣಾ ಹೇಳಿಕೆಯಲ್ಲಿ ಏನು ಹುಡುಕಬೇಕೆಂಬುದು ಸ್ಪಷ್ಟವಾಗುತ್ತದೆ.

ಫಲಿತಾಂಶ ಓದುವುದು

ಸಭೆ ಮುಗಿದ ಎರಡು ಕೆಲಸದ ದಿನಗಳೊಳಗೆ ಕಂಪನಿ ಮತದಾನದ ಫಲಿತಾಂಶವನ್ನು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕು. ಅಲ್ಲಿ ಪ್ರತಿ ನಿರ್ಣಯಕ್ಕೂ ಒಂದು ಕೋಷ್ಟಕವಿರುತ್ತದೆ. ಪ್ರವರ್ತಕರು, ಸಾರ್ವಜನಿಕ ಷೇರುದಾರರಲ್ಲಿನ ಸಂಸ್ಥಾಗತ ಹೂಡಿಕೆದಾರರು, ಉಳಿದ ಸಾರ್ವಜನಿಕರು ಎಂದು ಮೂರು ಸಾಲು. ಗೆದ್ದಿದೆಯೇ ಸೋತಿದೆಯೇ ಎಂದಷ್ಟೇ ನೋಡಿ ಮುಗಿಸಬೇಡಿ, ಎರಡನೆಯ ಮತ್ತು ಮೂರನೆಯ ಸಾಲಿನ ವಿರೋಧದ ಶೇಕಡಾವಾರು ನೋಡಿ. ಒಟ್ಟಾರೆ ಶೇ 85 ಬೆಂಬಲದಿಂದ ಗೆದ್ದ ನಿರ್ಣಯದಲ್ಲಿ ಸಂಸ್ಥೆಗಳ ಸಾಲಿನಲ್ಲಿ ಅರ್ಧದಷ್ಟು ವಿರೋಧ ಇರುವುದು ಸಾಧ್ಯ. ಹಾಗಿದ್ದರೆ ಆ ವಿಷಯದ ವಿವರಣಾ ಹೇಳಿಕೆಯನ್ನು ಹುಡುಕಿ ತೆಗೆದು ಮತ್ತೊಮ್ಮೆ ಓದಿ.