ಕರೆದರೆ ತಿರುಗಿ ನೋಡದ ಮಗು: ತಪಾಸಣೆ ನಡೆಯುವುದು ಹೇಗೆ?

ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡುತ್ತಿಲ್ಲ. ಆ ಮಗುವಿಗೆ ಕಿವಿ ಮಂದವಿರಬಹುದು. ಕಿವಿ ಸರಿಯಿದ್ದೂ ಗಮನ ಬೇರೆಡೆ ಹರಿದಿರಬಹುದು. ಅಥವಾ ಕರೆದವರತ್ತ ತಿರುಗಿ ಸ್ಪಂದಿಸುವ ರೂಢಿ ಅದರೊಳಗೆ ಇತರ ಮಕ್ಕಳಂತೆ ಮೊಳೆಯದೆ ಇರಬಹುದು. ಎರಡನೆಯದು ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ಸ್ಥಿತಿಯ, ಅಂದರೆ ಎಡಿಎಚ್‌ಡಿಯ ಸುಳಿವು. ಮೂರನೆಯದು ಆಟಿಸಂನ ಸುಳಿವು. ಈ ಎರಡೂ ಮಿದುಳು ಬೆಳೆಯುವ ರೀತಿಯಲ್ಲಿರುವ ಹುಟ್ಟಿನಿಂದಲೇ ಬಂದ ವ್ಯತ್ಯಾಸಗಳು. ತಾಯಿ ಕೆಲಸಕ್ಕೆ ಹೋಗುವುದರಿಂದಾಗಲಿ, ಮನೆಯಲ್ಲಿ ಎರಡು ಮೂರು ಭಾಷೆ ಆಡುವುದರಿಂದಾಗಲಿ ಬರುವಂಥವಲ್ಲ.

ಇವನ್ನು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ತಜ್ಞರು ನೋಡುವುದು ಮಗುವಿನ ನಡವಳಿಕೆ ಮತ್ತು ಅದು ಬೆಳೆದ ಬಗೆ. ಆದ್ದರಿಂದ ಪೋಷಕರು ಕೊಡುವ ವಿವರ ಎಷ್ಟು ನಿಖರವೋ ತಪಾಸಣೆಯೂ ಅಷ್ಟೇ ನಿಖರ.

ಹೊರಡುವ ಮುನ್ನ

ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆದಿಡಿ. ‘ಹಠ ಮಾಡುತ್ತಾನೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಕುಕ್ಕರ್ ಕೂಗಿದಾಗ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದ, ಸದ್ದು ನಿಂತ ಮೇಲೂ ಹತ್ತು ನಿಮಿಷ ಒಳಗೆ ಬರಲಿಲ್ಲ’ ಎಂದು ಬರೆಯಿರಿ. ಮೊಬೈಲಿನಲ್ಲಿ ಎರಡು ನಿಮಿಷದ ಕೆಲವು ವಿಡಿಯೊ ತೆಗೆಯಿರಿ: ಒಬ್ಬನೇ ಆಡುವಾಗ, ಬೇರೆ ಮಕ್ಕಳ ನಡುವೆ ಇರುವಾಗ, ಊಟ ಮಾಡುವಾಗ. ಹೊಸ ಕೋಣೆಯಲ್ಲಿ, ಹೊಸ ಮುಖದೆದುರು ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ತಾಯಿ ಕಾರ್ಡ್ ಮತ್ತು ಶಾಲೆಯ ಬರವಣಿಗೆಯ ಪುಸ್ತಕಗಳನ್ನೂ ಜೊತೆಗಿಟ್ಟುಕೊಳ್ಳಿ.

ಎಲ್ಲಿಗೆ ಹೋಗುವುದು? ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಇಂಥ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮಾತು ತಡವಾಗಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೂ ಹೋಗಬಹುದು.

ಮೊದಲು ಕಿವಿ, ಫಿಟ್ಸ್

ಟಿ.ವಿ. ಸದ್ದಿಗೆ ಓಡಿಬರುವ ಮಗುವಿಗೆ ಕಿವಿ ಕೇಳಿಸುತ್ತದೆ ಎಂದು ಮನೆಯವರು ಖಚಿತವಾಗಿ ನಂಬಿರುತ್ತಾರೆ. ಆದರೆ ಜೋರು ಸದ್ದು ಕೇಳಿಸಿ, ಮಾತಿನ ಕೆಲವು ಅಕ್ಷರಗಳು ಮಾತ್ರ ಕೇಳಿಸದಿರುವುದುಂಟು. ಹಾಗಾಗಿ ಶ್ರವಣ ಪರೀಕ್ಷೆಯನ್ನು ಬಿಡುವಂತಿಲ್ಲ. ಮಾತಾಡದ ಮಗುವಿಗೂ ಮಲಗಿಸಿ ಮಾಡುವ ‘ಬೆರಾ’ ಪರೀಕ್ಷೆಯಿದೆ.

ತರಗತಿಯಲ್ಲಿ ಶೂನ್ಯ ದಿಟ್ಟಿಸುವ ಮಗುವಿನ ಭುಜ ಮುಟ್ಟಿ ನೋಡಿ. ಯೋಚನೆಯಲ್ಲಿ ಮುಳುಗಿದ ಮಗು ಮುಟ್ಟಿದ ಕೂಡಲೇ ಎಚ್ಚೆತ್ತುಕೊಳ್ಳುತ್ತದೆ. ಮುಟ್ಟಿದರೂ ಕೆಲವು ಸೆಕೆಂಡು ಅಲುಗದೆ, ಆಮೇಲೆ ಏನೂ ಆಗದಂತೆ ಕೆಲಸ ಮುಂದುವರಿಸಿದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಬೇಕಾಗುವುದು ಅಂಥ ಅನುಮಾನ ಇದ್ದಾಗ. ಅದರಿಂದ ಆಟಿಸಂ ಆಗಲಿ ಎಡಿಎಚ್‌ಡಿ ಆಗಲಿ ಪತ್ತೆಯಾಗುವುದಿಲ್ಲ.

ಪ್ರಶ್ನಾವಳಿ, ಅದರ ಮಿತಿ

ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಮೂರರಿಂದ ಏಳು ಉತ್ತರಗಳು ಅನುಮಾನ ಹುಟ್ಟಿಸಿದರೆ ಅವೇ ಪ್ರಶ್ನೆಗಳನ್ನು ಬಿಡಿಸಿ ಕೇಳುತ್ತಾರೆ. ಎಂಟು ಅಥವಾ ಅದಕ್ಕಿಂತ ಹೆಚ್ಚಾದರೆ ನೇರವಾಗಿ ತಜ್ಞರ ಬಳಿಗೆ ಕಳುಹಿಸುತ್ತಾರೆ. ಇದು ಜರಡಿ ಅಷ್ಟೇ. ಇದರ ಅಂಕ ನೋಡಿ ಯಾರಾದರೂ ‘ಆಟಿಸಂ ಇದೆ’ ಎಂದು ಬರೆದುಕೊಟ್ಟರೆ ಒಪ್ಪಬೇಡಿ.

ಶಾಲೆಗೆ ಹೋಗುವ ಮಗುವಿನ ವಿಷಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಎರಡನೇ ತರಗತಿಯ ಏಳು ವರ್ಷದ ಹುಡುಗ. ಬೋರ್ಡಿನ ಮೇಲಿನ ಪಾಠವನ್ನು ಅರ್ಧಕ್ಕೇ ಬಿಡುತ್ತಾನೆ, ಕರೆದರೆ ತಿರುಗುವುದಿಲ್ಲ, ಆಟದ ಪೀರಿಯಡ್ಡಿನಲ್ಲಿ ಗೋಡೆಯ ಪಕ್ಕ ಒಬ್ಬನೇ ನಿಲ್ಲುತ್ತಾನೆ ಎಂದು ಶಿಕ್ಷಕಿಯ ದೂರು. ‘ಮೊಬೈಲ್ ಕೊಟ್ಟರೆ ಗಂಟೆಗಟ್ಟಲೆ ಕೂರುತ್ತಾನಲ್ಲ ಡಾಕ್ಟರೇ, ಗಮನ ಇಲ್ಲ ಎನ್ನುವುದು ಹೇಗೆ?’ ಎಂದು ತಾಯಿಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇಷ್ಟದ ವಸ್ತುವಿನಲ್ಲಿ ಮುಳುಗಿಹೋಗುವುದು ಎಡಿಎಚ್‌ಡಿ ಇರುವ ಮಕ್ಕಳಲ್ಲೂ ಸಾಮಾನ್ಯ. ಬೇಸರ ಹಿಡಿಸುವ ಕೆಲಸಕ್ಕೆ ಮನಸ್ಸನ್ನು ಎಳೆದು ತರುವುದು ಅವರಿಗೆ ಕಷ್ಟ.

ವ್ಯಾಂಡರ್‌ಬಿಲ್ಟ್ ಎಂಬ ಪ್ರಶ್ನಾವಳಿಯನ್ನು ತಾಯಿಯೂ ಶಿಕ್ಷಕಿಯೂ ಬೇರೆ ಬೇರೆಯಾಗಿ ತುಂಬುತ್ತಾರೆ. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲಿ ಏಳು ‘ಪದೇ ಪದೇ’ ಕಾಣುತ್ತವೆ ಎಂದು ತಾಯಿ, ಎಂಟು ಎಂದು ಶಿಕ್ಷಕಿ. ಆರು ಇದ್ದರೆ ಗಡಿ ಮುಟ್ಟಿದಂತೆ. ಅವು ಆರು ತಿಂಗಳಾದರೂ ಇರಬೇಕು, ಹನ್ನೆರಡು ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಶಾಲೆಯಲ್ಲಿ ಮಾತ್ರ ಕಂಡರೆ ತೊಂದರೆ ಓದುಬರಹದ ಕಲಿಕೆಯಲ್ಲೋ ತರಗತಿಯಲ್ಲೋ ಇರಬಹುದು. ಈ ಹುಡುಗನಿಗೆ ಎರಡೂ ಕಡೆ ಇದೆ. ಅವಸರದ ತಪಾಸಣೆ ಇಲ್ಲಿಗೇ ಮುಗಿದು, ಎಡಿಎಚ್‌ಡಿ ಎಂದು ಬರೆದು ಕಳುಹಿಸಿಬಿಡುತ್ತದೆ.

ಕುಳಿತು ಕೇಳುವ ಹೊತ್ತು

ಗೋಡೆಯ ಪಕ್ಕ ನಿಲ್ಲುವ ವಿಷಯ ಇನ್ನೂ ಉಳಿದಿದೆ. ಎಡಿಎಚ್‌ಡಿ ಮಾತ್ರ ಇರುವ ಮಗು ಸಾಮಾನ್ಯವಾಗಿ ಆಟಕ್ಕೆ ನುಗ್ಗುತ್ತದೆ. ಸರದಿ ಕಾಯಲಾರದೆ ಜಗಳವಾಗಿ ಹೊರಬೀಳುತ್ತದೆ. ಈ ಹುಡುಗ ಹತ್ತಿರವೇ ಹೋಗುವುದಿಲ್ಲ. ಆದ್ದರಿಂದ ತಜ್ಞೆ ತಾಯಿಯನ್ನು ಹಿಂದಕ್ಕೆ ಕರೆದೊಯ್ಯುತ್ತಾರೆ. ಒಂದೂವರೆ ವರ್ಷದಲ್ಲಿ ಆಕಾಶದ ವಿಮಾನವನ್ನು ಬೆರಳು ಮಾಡಿ ತೋರಿಸಿ, ನೀವು ನೋಡಿದಿರಾ ಎಂದು ನಿಮ್ಮ ಮುಖ ನೋಡುತ್ತಿದ್ದನೇ? ಇಲ್ಲ, ನೀರು ಬೇಕಾದರೆ ಕೈ ಹಿಡಿದು ನಲ್ಲಿಯ ಬಳಿಗೆ ಎಳೆದೊಯ್ಯುತ್ತಿದ್ದ. ಮೂರು ವರ್ಷಕ್ಕೆ ಬಸ್ಸುಗಳ ನಂಬರ್ ಬಾಯಿಪಾಠ. ಶಾಲೆಗೆ ಬೇರೆ ದಾರಿಯಲ್ಲಿ ಹೋದರೆ ಇಂದಿಗೂ ಅಳು.

ಆಮೇಲೆ ಹುಡುಗನೊಂದಿಗೆ ಮಾತು, ಆಟ. ತಜ್ಞೆ ‘ನಿನ್ನೆ ನಮ್ಮನೆಯಲ್ಲಿ ಒಂದು ತಮಾಷೆ ನಡೆಯಿತು’ ಎಂದು ಹೇಳಿ ಸುಮ್ಮನಾಗುತ್ತಾರೆ. ಹೆಚ್ಚಿನ ಮಕ್ಕಳು ‘ಏನಾಯ್ತು?’ ಎನ್ನುತ್ತಾರೆ. ಇವನು ಕೈಯಲ್ಲಿದ್ದ ಆಟಿಕೆ ಬಸ್ಸಿನ ಚಕ್ರ ತಿರುಗಿಸುತ್ತಲೇ ಇರುತ್ತಾನೆ. ಇದೊಂದರಿಂದಲೇ ತೀರ್ಮಾನವಾಗದು. ಇಂಥ ಹತ್ತಾರು ಗಳಿಗೆಗಳು ಒಂದೇ ದಿಕ್ಕಿಗೆ ಬೆರಳು ಮಾಡಬೇಕು. ಈ ಮಾತುಕತೆ ಮಗುವಿನ ಮನೆಮಾತಿನಲ್ಲೇ ನಡೆಯಲಿ. ತುಳುವೋ ಉರ್ದುವೋ ಆಡುವ ಮಗುವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಇಲ್ಲದ ಕೊರತೆ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನಷ್ಟು ತಾಳ್ಮೆ ಬೇಕು. ಗೆಳತಿಯರನ್ನು ನೋಡಿ ಅನುಕರಿಸಿ ಹೊಂದಿಕೊಂಡಂತೆ ಕಾಣುವ ಹುಡುಗಿಯರು ಎಷ್ಟೋ ಸಲ ಯಾರ ಗಮನಕ್ಕೂ ಬರುವುದೇ ಇಲ್ಲ.

ಆಟಿಸಂ ಅಳೆಯಲು ನಮ್ಮ ದೇಶದಲ್ಲೇ ರೂಪಿಸಿದ ‘ಇಸಾ’ ಮಾಪಕದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೆ ಒಂದರಿಂದ ಐದು ಅಂಕ. ಅಂದರೆ ಯಾವ ಲಕ್ಷಣವೂ ಇಲ್ಲದ ಮಗುವಿಗೂ 40 ಬರುತ್ತದೆ. 70ರಿಂದ 106ರವರೆಗೆ ಸೌಮ್ಯ ಆಟಿಸಂ. ನಮ್ಮ ಹುಡುಗನಿಗೆ 84 ಬಂದಿತೆನ್ನೋಣ. ವರದಿಯಲ್ಲಿ ಎರಡೂ ಹೆಸರು ಬರುತ್ತವೆ: ಆಟಿಸಂ, ಜೊತೆಗೆ ಎಡಿಎಚ್‌ಡಿ. ಹಿಂದೆ ಆಟಿಸಂ ಇದ್ದರೆ ಎಡಿಎಚ್‌ಡಿ ಎಂದು ಬರೆಯುವಂತಿರಲಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಆ ತಡೆಯನ್ನು ತೆಗೆದುಹಾಕಿತು.

ವರದಿ ಕೈಗೆ ಬಂದ ಮೇಲೆ

ವರದಿಯಲ್ಲಿ ಹೆಸರು ಮತ್ತು ಅಂಕ ಮಾತ್ರ ಇದ್ದರೆ ಅದು ಅರೆಬರೆ ವರದಿ. ಯಾವ ಯಾವ ನಡವಳಿಕೆಯ ಆಧಾರದ ಮೇಲೆ ತೀರ್ಮಾನಿಸಿದರು, ಮಗುವಿಗೆ ಯಾವುದು ಸಲೀಸು, ಶಾಲೆ ಏನು ಬದಲಾಯಿಸಬೇಕು ಎಂಬುದನ್ನು ಬರೆಸಿಕೊಳ್ಳಿ. ಈ ಹುಡುಗನಿಗಾದರೆ ಮುಂದಿನ ಬೆಂಚು, ಬೋರ್ಡಿನ ಪಾಠ ತುಂಡು ತುಂಡಾಗಿ, ದಿನಚರಿ ಬದಲಾಗುವುದಿದ್ದರೆ ಮೊದಲೇ ಹೇಳುವುದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಪ್ರಮಾಣಪತ್ರಕ್ಕೂ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ, ಹಾಗಾಗಿ ಅದೊಂದೇ ಇರುವ ಮಗುವಿನ ಪೋಷಕರು ತಜ್ಞರ ವರದಿ ಹಿಡಿದು ಶಾಲೆಯೊಂದಿಗೆ ನೇರವಾಗಿ ಮಾತಾಡಬೇಕಾಗುತ್ತದೆ.

ಇನ್ನು ಮೂರು ವರ್ಷದೊಳಗಿನ ಮಗುವಾದರೆ ಅಂತಿಮ ವರದಿಗಾಗಿ ಕಾಯುತ್ತ ಕೂರಬೇಡಿ. ಸರದಿ ಬರಲು ತಿಂಗಳುಗಳೇ ಹಿಡಿಯಬಹುದು. ಮಾತು ಮತ್ತು ಆಟದ ತರಬೇತಿ ಆರಂಭಿಸಲು ‘ಅನುಮಾನವಿದೆ’ ಎಂಬ ಒಂದು ಸಾಲಿನ ಟಿಪ್ಪಣಿ ಸಾಕು. ಅದನ್ನು ಮೊದಲ ಭೇಟಿಯ ದಿನವೇ ಕೇಳಿ ಪಡೆಯಿರಿ.