ರಾತ್ರಿ ಆರಿಸಿದ ಮೂರು ಕೆಲಸ, ಬೆಳಗಿನ ಕಾಫಿ ಹೊತ್ತಿಗೆ ಕಣ್ಣೆದುರು

ಹೋದ ತಿಂಗಳು ನಮ್ಮ ಅತ್ತಿಗೆ ಮೊಬೈಲ್ ತೋರಿಸಿದರು. ಬೆಳಗಿನ ರಿಮೈಂಡರಿನಲ್ಲಿ ಮೂರೇ ಪದ: ಖಾತೆ, ಪೇಪರ್, ಅಮ್ಮ. "ರಾತ್ರಿ ಬರೆಯುವಾಗ ಎಲ್ಲ ಗೊತ್ತಿತ್ತು ಕಣೇ. ಬೆಳಿಗ್ಗೆ ನೋಡಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತಿಳೀಲಿಲ್ಲ" ಅಂದರು. ಅವರೊಬ್ಬರೇ ಅಲ್ಲ, ಸುಮಾರು ಜನ ಹೀಗೇ ಎಡವುವುದನ್ನು ನೋಡಿದ್ದೇನೆ. ರಿಮೈಂಡರ್ ಸರಿಯಾಗಿ ಬಂದಿರುತ್ತದೆ. ಕೆಟ್ಟಿರುವುದು ರಾತ್ರಿಯ ಆಯ್ಕೆ.

1. ತಲೆಯಲ್ಲಿರುವ ಕೆಲಸಗಳನ್ನೆಲ್ಲ ಕಾಗದಕ್ಕೆ ಇಳಿಸಿ. ಊಟ ಮುಗಿದ ಮೇಲೆ, ಮಲಗುವ ಮುಂಚೆ, ಐದು ನಿಮಿಷ ಸಾಕು.

2. ಮೂರು ಸಲ ಸೋಸಿ. ಇಲ್ಲಿ ಮಾತ್ರ ಆತುರ ಬೇಡ. ಅತ್ತಿಗೆಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಅವರು ಬೆಂಗಳೂರಿನಲ್ಲಿ ಶಾಲಾ ಶಿಕ್ಷಕಿ. ಅವತ್ತು ರಾತ್ರಿ ಒಂಬತ್ತು ಕೆಲಸ ಬರೆದರು: ಇ-ಖಾತೆ, ಗಣಿತದ ಪ್ರಶ್ನೆಪತ್ರಿಕೆ, ಅಮ್ಮನ ಕಣ್ಣಿನ ಡಾಕ್ಟರು, ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್, ಪ್ಲಂಬರ್, ಮಗಳ ಯೂನಿಫಾರ್ಮ್, ಬೀರು ಜೋಡಿಸುವುದು, ಅಮ್ಮನ ಹಳೆಯ ರಿಪೋರ್ಟುಗಳು.

ಮೊದಲು, ಸಮಯ ನಿಗದಿಯಾದದ್ದನ್ನು ಹೊಡೆದುಹಾಕಿ. ಡಾಕ್ಟರ ಹತ್ತಿರ ಸಂಜೆ 5ಕ್ಕೆ ಹೋಗಲೇಬೇಕು, ಅದರಲ್ಲಿ ಆರಿಸುವುದೇನಿದೆ? ಅದು ಕ್ಯಾಲೆಂಡರಿಗೆ ಹೋಗಲಿ. ಎರಡನೆಯದಾಗಿ, ಐದು ನಿಮಿಷದೊಳಗೆ ಮುಗಿಯುವುದನ್ನು ಆಗಲೇ ಮುಗಿಸಿ. ಕರೆಂಟ್ ಬಿಲ್ಲು, ಗ್ಯಾಸು ಎರಡೂ ಕೂತಲ್ಲೇ ಫೋನಿನಲ್ಲಿ ಆದವು. ಮೂರನೆಯದಾಗಿ, ಬೇರೆಯವರ ಕೈಯಲ್ಲಿರುವುದನ್ನು ತೆಗೆಯಿರಿ. ಪ್ಲಂಬರ್ ಬರುವುದು ನಮ್ಮ ಕೈಲಿಲ್ಲ. ಅವನಿಗೆ ರಾತ್ರಿಯೇ ಒಂದು ಮೆಸೇಜ್ ಹಾಕಿಬಿಡಿ.

ಈಗ ಉಳಿದದ್ದು ಐದು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ನಾಳೆ ಇದನ್ನು ಮಾಡದಿದ್ದರೆ ಯಾರಿಗೆ, ಏನು ತೊಂದರೆ? ಪ್ರಶ್ನೆಪತ್ರಿಕೆ ನಾಡಿದ್ದು ಕೊಡಬೇಕು. ಹಳೆಯ ರಿಪೋರ್ಟು ಇಲ್ಲದೆ ಹೋದರೆ ಡಾಕ್ಟರು ಮತ್ತೆ ಟೆಸ್ಟ್ ಬರೆಯಬಹುದು. ಇ-ಖಾತೆ ಆಗದೆ ಮನೆ ಮಾರಾಟದ ಮಾತು ಮುಂದೆ ಹೋಗುವಂತಿಲ್ಲ. ಈ ಮೂರು ಉಳಿಯಲಿ. ಬೀರು ಭಾನುವಾರಕ್ಕೆ. ಯೂನಿಫಾರ್ಮ್ ವಿಷಯದಲ್ಲಿ ಅತ್ತಿಗೆ ಸ್ವಲ್ಪ ಜಗಳವಾಡಿದರು. ಆದರೆ ಮಗಳ ಶಾಲೆ ಶುರುವಾಗಲು ಇನ್ನೂ ಹತ್ತು ದಿನ ಇತ್ತು. ನಾಲ್ಕನೆಯದಕ್ಕೆ ಜಾಗ ಕೊಡಬೇಡಿ. ಕೊಟ್ಟರೆ ಬೆಳಿಗ್ಗೆ ಮತ್ತೆ ಆರಿಸುತ್ತಾ ಕೂರಬೇಕಾಗುತ್ತದೆ.

3. ಕೆಲಸದ ಹೆಸರಲ್ಲ, ಮೊದಲ ಹೆಜ್ಜೆ ಬರೆಯಿರಿ. 'ಇ-ಖಾತೆ' ಅಂದರೆ ಒಂದು ಕೆಲಸವಲ್ಲ, ಹತ್ತಾರು ಕೆಲಸ. ಅತ್ತಿಗೆ ಹೀಗೆ ಬದಲಾಯಿಸಿದರು: 'ತೆರಿಗೆ ರಸೀದಿ, ಕ್ರಯಪತ್ರ, ಕರೆಂಟ್ ಬಿಲ್ ಮೂರನ್ನೂ ಫೋಟೊ ತೆಗೆದು ಒಂದು ಫೋಲ್ಡರಿಗೆ ಹಾಕು.' 'ಪೇಪರ್' ಹೋಗಿ 'ಸ್ಟಾಫ್ ರೂಮಿನಲ್ಲಿ ಎರಡನೇ ಪಿರಿಯಡ್, ಐದು ಅಂಕದ ಪ್ರಶ್ನೆಗಳನ್ನು ಬರೆ' ಎಂದಾಯಿತು. 'ಅಮ್ಮ' ಎಂಬುದು 'ಹಸಿರು ಫೈಲಿನಿಂದ ಹೋದ ವರ್ಷದ ಕಣ್ಣಿನ ರಿಪೋರ್ಟ್ ತೆಗೆದು ಬ್ಯಾಗಿಗೆ ಹಾಕು' ಆಯಿತು. ಓದಿದ ತಕ್ಷಣ ಕೈ ಎಲ್ಲಿಗೆ ಹೋಗಬೇಕು ಅಂತ ತಿಳಿಯಬೇಕು. ತಿಳಿಯದಿದ್ದರೆ ಇನ್ನೊಮ್ಮೆ ಬರೆಯಿರಿ.

ಇದರಿಂದ ನಿದ್ದೆಗೂ ಲಾಭ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 57 ಜನರಿದ್ದರು. ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಬಿಡಿಸಿ ಬರೆದವರಿಗೆ ಇನ್ನೂ ಬೇಗ ನಿದ್ದೆ ಬಂತು.

4. ಬೆಳಿಗ್ಗೆ ಕಾಣುವಂತೆ ಮಾಡಿ. ಏಳುವ ಅಲಾರಂಗೆ ಇದನ್ನು ಅಂಟಿಸಬೇಡಿ. ಅರೆನಿದ್ದೆಯ ಕೈ ಅದನ್ನು ಓದದೆ ನಿಲ್ಲಿಸಿಬಿಡುತ್ತದೆ. ಕಾಫಿ ಕುಡಿಯುವ ಹೊತ್ತಿಗೆ, ಅಂದರೆ 6:40ಕ್ಕೋ 7ಕ್ಕೋ, ಎರಡನೆಯ ಅಲಾರಂ ಇಡಿ. ದಿನವೂ ಬಾರಿಸುವಂತೆ ಒಮ್ಮೆ ಹೊಂದಿಸಿದರೆ ಸಾಕು. ರಾತ್ರಿ ಅದರ ಲೇಬಲ್ ಮಾತ್ರ ಬದಲಾಯಿಸಿ. ಲೇಬಲ್ ಉದ್ದವಾದರೆ ಪರದೆಯ ಮೇಲೆ ಕತ್ತರಿಸಿ ಹೋಗುತ್ತದೆ. ಹಾಗಾಗಿ ಅಲ್ಲಿ ಮೂರು ಪದ ಇರಲಿ, ಪೂರ್ತಿ ವಾಕ್ಯಗಳು ಚೀಟಿಯಲ್ಲಿರಲಿ. ಚೀಟಿಯನ್ನು ಕಾಫಿಪುಡಿ ಡಬ್ಬದ ಕೆಳಗೆ ಸಿಕ್ಕಿಸಿಡಿ.

ಇನ್ನೊಂದು ಮುಖ್ಯ ವಿಷಯ: ಲೇಬಲ್ಲಿನ ಮೊದಲಿಗೆ ವಾರದ ಅಕ್ಷರ ಹಾಕಿ. 'ಮಂ: ಖಾತೆ, ಪೇಪರ್, ರಿಪೋರ್ಟ್.' ಬುಧವಾರ ಬೆಳಿಗ್ಗೆಯೂ 'ಮಂ' ಕಂಡರೆ ಹಿಂದಿನ ರಾತ್ರಿ ಬದಲಾಯಿಸಲು ಮರೆತಿದ್ದೀರಿ ಅಂತ ಅರ್ಥ. ಈ ಅಕ್ಷರ ಇಲ್ಲದೆ ಹಳೆಯ ಪಟ್ಟಿಯನ್ನೇ ಇವತ್ತಿನದು ಅಂದುಕೊಂಡವರು ಇದ್ದಾರೆ.

ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಡಿ. ಹಲವು ಆ್ಯಪುಗಳ ನೋಟಿಫಿಕೇಶನ್ನನ್ನು ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆಯೇ ತಡೆದುಬಿಡುತ್ತದೆ. ಫೋನಿನ ಜೊತೆಗೇ ಬಂದ ಗಡಿಯಾರಕ್ಕೆ ಸಾಮಾನ್ಯವಾಗಿ ಆ ಕಾಟವಿಲ್ಲ. ಗಂಟೆಗೊಂದು ಗೆರೆ ಇರುವ ದಪ್ಪ ಪ್ಲಾನರ್ ಡೈರಿಯೂ ಬೇಡ. ಖಾಲಿ ಗೆರೆ ಕಂಡರೆ ತುಂಬಿಸಬೇಕು ಅನ್ನಿಸುತ್ತದೆ, ಅಲ್ವಾ?

ಒಂದೇ ಕೆಲಸ ಮೂರು ರಾತ್ರಿ ಮತ್ತೆ ಮತ್ತೆ ಬಂದರೆ ಅದು ತುಂಬ ದೊಡ್ಡದಾಗಿದೆ ಎಂದು ತಿಳಿಯಿರಿ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ತುಂಡು ಮಾಡಿ. ಅತ್ತಿಗೆಯ ಇ-ಖಾತೆ ಹಾಗೆ ನಾಲ್ಕು ತುಂಡಾಯಿತು. ಕ್ರಯಪತ್ರ ಹುಡುಕುವುದೇ ಒಂದು ಬೆಳಗಿನ ಕೆಲಸವಾಗಿತ್ತು.